2,4-ಡಿ ಕಳೆಯನ್ನು ಸುಡುವುದಿಲ್ಲ: ಹಾಗಾದರೆ ಕೊಲ್ಲುವುದು ಹೇಗೆ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಕಡೆಯ ನೀರಾವರಿ ಜಮೀನಿನಲ್ಲಿ ಕಬ್ಬಿನ ಸಾಲುಗಳ ನಡುವೆ ಅಗಲ ಎಲೆಯ ಕಳೆ ಎದ್ದರೆ ಹೊಡೆಯುವ ಹಳೆಯ ಔಷಧಿಗಳಲ್ಲಿ 2,4-ಡಿ ಒಂದು. ಕೆಲವು ದಿನಗಳಲ್ಲಿ ಕಾಂಗ್ರೆಸ್ ಗಿಡ ಮುರುಟಿ ಬೀಳುತ್ತದೆ, ಕಬ್ಬು ಮಾತ್ರ ನಿಂತಿರುತ್ತದೆ. ‘ಔಷಧಿ ಕಳೆಯನ್ನು ಸುಟ್ಟುಹಾಕಿತು’ ಎನ್ನುವುದು ರೂಢಿಯ ಮಾತು.

ಆದರೆ ಔಷಧಿ ಹೊಡೆದ ಮರುದಿನ ಆ ಕಳೆಯನ್ನು ಹತ್ತಿರದಿಂದ ನೋಡಿ. ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ. ಎಲೆಯ ತೊಟ್ಟು ಕೆಳಕ್ಕೆ ಬಾಗಿರುತ್ತದೆ, ಕಾಂಡ ಹಗ್ಗದಂತೆ ಹೊಸೆದುಕೊಂಡಿರುತ್ತದೆ. ಮುಂದೆ ಕಾಂಡ ಊದಿಕೊಂಡು ಬಿರುಕು ಬಿಡುವುದೂ ಉಂಟು. ಇದು ಸುಟ್ಟ ಗಿಡದ ಲಕ್ಷಣವಲ್ಲ, ಹದ ತಪ್ಪಿ ಬೆಳೆಯುತ್ತಿರುವ ಗಿಡದ ಲಕ್ಷಣ. ಗಿಡದ ಜೀವಕೋಶ ತನ್ನ ಬೆಳವಣಿಗೆಗೆ ಹಾಕಿಕೊಂಡ ಬ್ರೇಕನ್ನು ತಾನೇ ಕಸಕ್ಕೆ ಎಸೆಯುವಂತೆ 2,4-ಡಿ ಮಾಡುತ್ತದೆ.

ಜೀವಕೋಶದ ಕಸ ವಿಲೇವಾರಿ

ಜೀವಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳಿವೆ. ಕೆಲವು ಹಲವು ದಿನ ಉಳಿಯುತ್ತವೆ, ಕೆಲವು ನಿಮಿಷಗಳಲ್ಲೇ ಮುಗಿಯುತ್ತವೆ. ಅವು ತಾವಾಗಿ ಸವೆದು ಹೋಗುತ್ತವೆ ಎಂದುಕೊಂಡರೆ ತಪ್ಪು. ಕೆಲಸ ಮುಗಿದ ಅಥವಾ ಕೆಟ್ಟುಹೋದ ಪ್ರೋಟೀನನ್ನು ಗುರುತಿಸಿ, ಅದಕ್ಕೆ ಚೀಟಿ ಅಂಟಿಸಿ, ಒಡೆಯುವ ಯಂತ್ರಕ್ಕೆ ಕಳಿಸುವ ಏರ್ಪಾಡು ಜೀವಕೋಶದಲ್ಲಿದೆ.

ಆ ಚೀಟಿಯ ಹೆಸರು ಯುಬಿಕ್ವಿಟಿನ್. ಅದೂ ಒಂದು ಪುಟ್ಟ ಪ್ರೋಟೀನು, ಕೇವಲ 76 ಅಮೈನೋ ಆಮ್ಲಗಳ ಸರ. ಅದನ್ನು ಅಂಟಿಸುವ ಕೆಲಸ ಮೂರು ಕಿಣ್ವಗಳ ಕೈದಾಟುತ್ತದೆ. ಮೊದಲನೆಯದಾದ ಇ1 ಶಕ್ತಿ ಖರ್ಚು ಮಾಡಿ ಚೀಟಿಯನ್ನು ಸಜ್ಜುಗೊಳಿಸುತ್ತದೆ. ಎರಡನೆಯದಾದ ಇ2 ಅದನ್ನು ಹೊತ್ತು ತರುತ್ತದೆ. ಯಾವ ಪ್ರೋಟೀನಿಗೆ ಅಂಟಿಸಬೇಕು ಎಂದು ಆರಿಸುವುದು ಮೂರನೆಯದಾದ ಇ3. ಅದಕ್ಕೇ ಇ3ಗಳಲ್ಲಿ ನೂರಾರು ಬಗೆ.

ಒಂದು ಚೀಟಿ ಸಾಮಾನ್ಯವಾಗಿ ಸಾಲದು. ಒಂದರ ಮೇಲೊಂದು ಸೇರಿ ಸರಪಳಿಯಾದ ಮೇಲೆ ಪ್ರೋಟಿಯಾಸೋಮ್ ಎಂಬ ಯಂತ್ರ ಅದನ್ನು ಗುರುತಿಸುತ್ತದೆ. ಇದು ಪೀಪಾಯಿಯ ಆಕಾರದ್ದು. ಕತ್ತರಿಸುವ ಭಾಗಗಳೆಲ್ಲ ಒಳಗಿವೆ, ಬಾಯಲ್ಲಿ ಮುಚ್ಚಳವಿದೆ. ಮುಚ್ಚಳದ ಭಾಗವು ಚೀಟಿ ಇರುವ ಪ್ರೋಟೀನನ್ನು ಹಿಡಿದು, ಮಡಿಕೆ ಬಿಡಿಸಿ, ದಾರದಂತೆ ಒಳಗೆ ಎಳೆಯುತ್ತದೆ. ಪ್ರೋಟೀನು ಚೂರುಚೂರಾಗುತ್ತದೆ, ಚೀಟಿಗಳು ಮಾತ್ರ ಬಿಡಿಸಿಕೊಂಡು ಮರುಬಳಕೆಗೆ ಹೋಗುತ್ತವೆ. ಈ ವ್ಯವಸ್ಥೆಯನ್ನು ಕಂಡುಹಿಡಿದ ಆರನ್ ಸಿಚನೋವರ್, ಅವ್ರಾಮ್ ಹರ್ಷ್ಕೋ ಮತ್ತು ಇರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು.

ಕಳೆನಾಶಕ ಕೈಹಾಕುವುದು ಎಲ್ಲಿ?

ಗಿಡದಲ್ಲಿ ಬೆಳವಣಿಗೆಯ ಜೀನುಗಳನ್ನು ಅದುಮಿ ಹಿಡಿಯುವ ಒಂದು ಪ್ರೋಟೀನು ಗುಂಪಿದೆ. ಬ್ರೇಕ್ ಎಂದದ್ದು ಇದನ್ನೇ. ಬೆಳೆಯಬೇಕಾದ ಕಡೆ ಗಿಡವೇ ಆಕ್ಸಿನ್ ಎಂಬ ಹಾರ್ಮೋನು ಒದಗಿಸುತ್ತದೆ. ಆಕ್ಸಿನ್ ಹೋಗಿ ಕೂರುವುದು ಟಿಐಆರ್1 ಎಂಬ ಪ್ರೋಟೀನಿನ ಒಂದು ಗುಳಿಯಲ್ಲಿ. ಈ ಟಿಐಆರ್1 ಒಂದು ಇ3 ಯಂತ್ರದ ಭಾಗ. ಗುಳಿ ತುಂಬಿದೊಡನೆ ಬ್ರೇಕ್ ಪ್ರೋಟೀನು ಅಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಅಂದರೆ ಆಕ್ಸಿನ್ ಎರಡರ ನಡುವೆ ಅಂಟಿನಂತೆ ಕೆಲಸ ಮಾಡುತ್ತದೆ. ಇದರ ಚಿತ್ರ ಅಣುಮಟ್ಟದಲ್ಲಿ ಸಿಕ್ಕಿದ್ದು 2007ರಲ್ಲಿ. ಕಚ್ಚಿಕೊಂಡ ಬ್ರೇಕಿಗೆ ಚೀಟಿ ಬೀಳುತ್ತದೆ, ಪ್ರೋಟಿಯಾಸೋಮ್ ಅದನ್ನು ಒಡೆಯುತ್ತದೆ, ಬೆಳವಣಿಗೆಯ ಜೀನುಗಳು ಕೆಲಸ ಶುರು ಮಾಡುತ್ತವೆ.

2,4-ಡಿ ಅದೇ ಗುಳಿಯಲ್ಲಿ ಕೂರಬಲ್ಲ ನಕಲಿ ಆಕ್ಸಿನ್. ಅಸಲಿ ಆಕ್ಸಿನ್ ಹೆಚ್ಚಾದರೆ ಗಿಡ ಅದನ್ನು ಬೇಗ ನಿಷ್ಕ್ರಿಯಗೊಳಿಸುತ್ತದೆ. ಅಗಲ ಎಲೆಯ ಗಿಡಗಳಿಗೆ 2,4-ಡಿಯನ್ನು ಹಾಗೆ ಬೇಗ ತೆಗೆಯಲು ಆಗುವುದಿಲ್ಲ. ಬ್ರೇಕ್ ಹುಟ್ಟಿದಷ್ಟೂ ಕಸಕ್ಕೆ ಹೋಗುತ್ತದೆ, ಬೆಳವಣಿಗೆ ಲಂಗುಲಗಾಮಿಲ್ಲದೆ ನಡೆದು ಗಿಡ ಸಾಯುತ್ತದೆ. ಕಬ್ಬು, ಭತ್ತ, ರಾಗಿ ಹುಲ್ಲಿನ ಜಾತಿಯವು. ಅವುಗಳಲ್ಲಿ 2,4-ಡಿ ಒಳಗೆ ಅಷ್ಟಾಗಿ ಹರಡುವುದಿಲ್ಲ, ಬೇಗ ರೂಪಾಂತರವೂ ಆಗುತ್ತದೆ. ನಾಗಮಂಗಲದ ಮಳೆ ಆಶ್ರಿತ ಹೊಲದಲ್ಲಿ ಅಕ್ಕಡಿ ಸಾಲಿನ ಅವರೆ ಇದ್ದಾಗ ಇಡೀ ಹೊಲಕ್ಕೆ ಹೊಡೆದರೆ ರಾಗಿ ಉಳಿದು ಅವರೆ ಹೋಗುವುದು ಇದೇ ಕಾರಣಕ್ಕೆ.

ಕೋಶ ವಿಭಜನೆಗೂ ಇದೇ ಗಡಿಯಾರ

ಇದೇ ಕಸ ವಿಲೇವಾರಿ ಕಬ್ಬಿನಲ್ಲೂ ನಮ್ಮಲ್ಲೂ ಕೋಶ ಎರಡಾಗುವ ಹೊತ್ತನ್ನು ಹಿಡಿತದಲ್ಲಿಡುತ್ತದೆ. 1982ರಲ್ಲಿ ಟಿಮ್ ಹಂಟ್ ಕಡಲ ಮುಳ್ಳುಚೆಂಡಿನ ಮೊಟ್ಟೆಗಳಲ್ಲಿ ಒಂದು ವಿಚಿತ್ರ ಗಮನಿಸಿದರು. ಒಂದು ಪ್ರೋಟೀನು ಮೆಲ್ಲಗೆ ಹೆಚ್ಚುತ್ತ ಹೋಗಿ, ಪ್ರತಿ ವಿಭಜನೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಮಾಯವಾಗುತ್ತಿತ್ತು. ಅದಕ್ಕೆ ಸೈಕ್ಲಿನ್ ಎಂದು ಹೆಸರಾಯಿತು. ಅದನ್ನು ಮಾಯ ಮಾಡುವುದು ಯುಬಿಕ್ವಿಟಿನ್ ಚೀಟಿ ಎಂದು 1991ರಲ್ಲಿ ಗೊತ್ತಾಯಿತು.

ವಿಭಜನೆಗೆ ಮುನ್ನ ವರ್ಣತಂತುಗಳ ಜೋಡಿಗಳು ಕೋಶದ ನಡುವೆ ಸಾಲಾಗಿ ನಿಲ್ಲುತ್ತವೆ. ಕೊನೆಯ ಜೋಡಿಗೂ ಎರಡೂ ಕಡೆಯ ಎಳೆ ಸಿಕ್ಕುವವರೆಗೆ ಎಪಿಸಿ ಎಂಬ ಇ3 ಸುಮ್ಮನಿರುತ್ತದೆ. ಎಲ್ಲ ಸರಿಯಾದ ಮೇಲೆ ಅದು ಎರಡು ಪ್ರೋಟೀನುಗಳಿಗೆ ಚೀಟಿ ಅಂಟಿಸುತ್ತದೆ. ಒಂದು, ಜೋಡಿ ಬಿಚ್ಚುವ ಕತ್ತರಿಯನ್ನು ಕಟ್ಟಿಹಾಕಿದ್ದ ಸೆಕ್ಯೂರಿನ್. ಇನ್ನೊಂದು, ಸೈಕ್ಲಿನ್ ಬಿ. ಮೊದಲನೆಯದು ಒಡೆದಾಗ ಜೋಡಿಗಳು ಬೇರಾಗುತ್ತವೆ, ಎರಡನೆಯದು ಒಡೆದಾಗ ಕೋಶ ವಿಭಜನೆ ಮುಗಿಸಿ ಹೊರಬರುತ್ತದೆ. ಒಡೆದುಹೋದದ್ದನ್ನು ಮತ್ತೆ ಜೋಡಿಸಲಾಗದು. ಆದ್ದರಿಂದ ಕೋಶ ಅರ್ಧಕ್ಕೆ ಹಿಂದೆ ಸರಿಯುವುದಿಲ್ಲ.

2,4-ಡಿಗೆ ವಿಭಜನೆಯೊಂದಿಗೆ ಇರುವ ನಂಟು ಪ್ರಯೋಗಾಲಯದಲ್ಲೂ ಕಾಣುತ್ತದೆ. ಅಂಗಾಂಶ ಕೃಷಿಯಲ್ಲಿ ಕಬ್ಬಿನ ಎಳೆ ಎಲೆಯ ಚೂರುಗಳಿಗೆ ಲೀಟರಿಗೆ ಕೆಲವೇ ಮಿಲಿಗ್ರಾಂ 2,4-ಡಿ ಕೊಡುತ್ತಾರೆ. ಆಗ ಕೋಶಗಳು ಒಂದೇ ಸಮ ವಿಭಜನೆಯಾಗಿ ಆಕಾರವಿಲ್ಲದ ಮುದ್ದೆ ಕಟ್ಟುತ್ತವೆ. ಹೊಲದಲ್ಲಿ ಕಳೆ ಕೊಲ್ಲುವ ವಸ್ತುವೇ ಅಲ್ಲಿ ಹೊಸ ಸಸಿ ಪಡೆಯುವ ಮೊದಲ ಹೆಜ್ಜೆ. ವ್ಯತ್ಯಾಸ ಪ್ರಮಾಣದಲ್ಲಿದೆ.

ಟೊಮೆಟೊ ಮುರುಟಿದರೆ ವೈರಸ್ಸೇ?

ಕಬ್ಬಿಗೆ ಹೊಡೆದ ಔಷಧಿ ಗಾಳಿಯಲ್ಲಿ ಪಕ್ಕದ ಟೊಮೆಟೊ ತಾಕಿಗೆ ತೇಲಿ ಬಂತು ಎಂದಿಟ್ಟುಕೊಳ್ಳಿ. ಎಳೆ ಎಲೆಗಳು ಕಿರಿದಾಗಿ, ಬಟ್ಟಲಿನಂತೆ ಮಡಚಿ, ತಿರುಚಿಕೊಳ್ಳುತ್ತವೆ. ಇದನ್ನು ಎಲೆ ಮುರುಟು ವೈರಸ್ ಎಂದುಕೊಂಡು ಬಿಳಿನೊಣಕ್ಕೆ ಔಷಧಿ ಹೊಡೆದರೆ ದುಡ್ಡು ದಂಡ. ವೈರಸ್ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಶುರುವಾಗಿ ದಿನ ಕಳೆದಂತೆ ಹರಡುತ್ತದೆ. ಕಳೆನಾಶಕದ ಹಾನಿ ಒಂದೆರಡು ದಿನದಲ್ಲಿ ಒಟ್ಟಿಗೇ ಕಾಣಿಸುತ್ತದೆ. ಕಬ್ಬಿನ ಕಡೆಯ ಅಂಚಿನಲ್ಲಿ ಹೆಚ್ಚು, ದೂರ ಹೋದಂತೆ ಕಡಿಮೆ. ಬದುವಿನ ಬೇರೆ ಅಗಲ ಎಲೆಯ ಗಿಡಗಳೂ ಹಾಗೆಯೇ ತಿರುಚಿರುತ್ತವೆ. ತಾಕಿದ್ದು ಕಡಿಮೆಯಾಗಿದ್ದರೆ ಮುಂದಿನ ಚಿಗುರು ಮೆಲ್ಲಗೆ ಸರಿಯಾಗುತ್ತದೆ. ಇಡೀ ತಾಕು ಒಂದೇ ಸಮ ಮುರುಟಿದ್ದರೆ ಸ್ಪ್ರೇಯರನ್ನೇ ಅನುಮಾನಿಸಿ. ಕಳೆನಾಶಕ ಹೊಡೆದ ಟ್ಯಾಂಕಿನ ತಳದಲ್ಲಿ ಉಳಿದ ಸ್ವಲ್ಪವೂ ಟೊಮೆಟೊಗೆ ಸಾಕು. ಕಳೆನಾಶಕಕ್ಕೆ ಬೇರೆ ಸ್ಪ್ರೇಯರ್ ಇಡುವುದು, ಗಾಳಿ ಬೀಸುವಾಗ ಹೊಡೆಯದಿರುವುದು, ಬೇಗ ಆವಿಯಾಗುವ ಎಸ್ಟರ್ ರೂಪವನ್ನು ಬಿರುಬಿಸಿಲಲ್ಲಿ ಬಳಸದಿರುವುದು ಇದಕ್ಕೆ ದಾರಿ.

ಹಾಗಾದರೆ ಮನುಷ್ಯರಿಗೆ ಏನೂ ಆಗದೇ?

ನಮ್ಮ ಕೋಶಗಳಲ್ಲಿ ಯುಬಿಕ್ವಿಟಿನ್ ಇದೆ, ಪ್ರೋಟಿಯಾಸೋಮ್ ಇದೆ, ಆದರೆ ಟಿಐಆರ್1 ಇಲ್ಲ. ಗಿಡ ಸಾಯುವ ರೀತಿಯಲ್ಲಿ ನಮಗೆ ತೊಂದರೆ ಆಗುವುದಿಲ್ಲ ಎಂಬುದು ನಿಜ. ಆದರೆ ‘ಗಿಡಕ್ಕೆ ಮಾತ್ರ ವಿಷ’ ಎನ್ನುವುದು ಸುಳ್ಳು. ಇದು ಕಣ್ಣಿಗೆ ಬಿದ್ದರೆ ತೀವ್ರ ಉರಿ, ನುಂಗಿದರೆ ಪ್ರಾಣಾಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನು ‘ಕ್ಯಾನ್ಸರ್ ತರಬಹುದಾದ’ ವಸ್ತುಗಳ ಗುಂಪಿಗೆ ಸೇರಿಸಿದೆ. ಅಂದರೆ ಸಾಬೀತಾಗಿದೆ ಎಂದಲ್ಲ, ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂದು. ಹೊಡೆಯುವಾಗ ಕೈಗವಸು, ಕನ್ನಡಕ ಇರಲಿ, ಮುಗಿಸಿದ ಮೇಲೆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.