ಒಂದು ಟಿಕ್, ಎರಡು ಟಿಕ್: ಮಾತು ಕೈತಪ್ಪುವ ಗಳಿಗೆ

ಹೋದ ವರ್ಷ ಮಳೆಗಾಲದ ಒಂದು ರಾತ್ರಿ, 9.40ಕ್ಕೆ, ಹಳೆಯ ಪುಸ್ತಕದ ವ್ಯಾಪಾರಿಯೊಬ್ಬರಿಂದ ವಾಟ್ಸಾಪಿನಲ್ಲಿ ಸಂದೇಶ ಬಂತು. ನಾನು ಎರಡು ವರ್ಷದಿಂದ ಹುಡುಕುತ್ತಿದ್ದ ಹಳೆಯ ಮಾಸಪತ್ರಿಕೆಯೊಂದರ ಬೈಂಡ್ ಮಾಡಿಸಿದ ಹನ್ನೆರಡು ಸಂಪುಟಗಳ ಫೋಟೋ, ಕೆಳಗೆ ಒಂದೇ ಸಾಲು: “ಪೂರ್ತಿ ಸೆಟ್ 14,000, ಬೇಕಾದ್ರೆ ಹೇಳಿ ಮೇಡಂ.” ಫೆಲೋಶಿಪ್ ಹಣ ಬಂದು ಎರಡು ತಿಂಗಳಾಗಿತ್ತು. ಗೆಳತಿಗೆ ಫೋನ್ ಮಾಡಿ ಸಾಲ ಕೇಳಿ, 10.20ಕ್ಕೆ ಉತ್ತರ ಬರೆದೆ: “ಆಯ್ತು, ನನಗೇ ಇರಲಿ. ನಾಳೆ ಬೆಳಿಗ್ಗೆ ಹಣ ಹಾಕ್ತೀನಿ.” ಸಂದೇಶದ ಪಕ್ಕ ಬೂದು ಬಣ್ಣದ ಒಂದೇ ಟಿಕ್ ಮೂಡಿತು. ನನ್ನ ಫೋನಿನಿಂದ ಹೊರಟಿದೆ, ಅವರ ಫೋನಿಗೆ ತಲುಪಿಲ್ಲ ಎಂದು ಅರ್ಥ.

10.45ಕ್ಕೆ ಗೊತ್ತಿಲ್ಲದ ನಂಬರಿನಿಂದ ಕರೆ. ಅದೇ ವ್ಯಾಪಾರಿ, ಮಗನ ಫೋನಿನಿಂದ ಮಾತಾಡುತ್ತಿದ್ದರು. ತಮ್ಮ ಫೋನ್ ಚಾರ್ಜ್ ಇಲ್ಲದೆ ಆಫ್ ಆಗಿದೆ, ಸೆಟ್ಟಿಗೆ ಬೇರೆಯವರು ಜಾಸ್ತಿ ಕೊಡುತ್ತಾರಂತೆ, ಅದಕ್ಕೇ ನಿಮಗೆ ಕೊಡಲಾಗುವುದಿಲ್ಲ ಎಂದರು. “ನಾನು ಆಗಲೇ ಒಪ್ಪಿಕೊಂಡು ಮೆಸೇಜ್ ಹಾಕಿದ್ದೀನಲ್ಲ” ಎಂದೆ. “ನಾನು ನೋಡೇ ಇಲ್ವಲ್ಲ ಮೇಡಂ” ಎಂದರು. ಮರುದಿನ ಬೆಳಿಗ್ಗೆ 7.10ಕ್ಕೆ ಎರಡನೆಯ ಟಿಕ್ ಬಂತು. ಸ್ವಲ್ಪ ಹೊತ್ತಿಗೆ ಅವರ 9.40ರ ಸಂದೇಶವಿದ್ದ ಜಾಗದಲ್ಲಿ, ಅದನ್ನು ಅಳಿಸಲಾಗಿದೆ ಎಂಬ ಒಕ್ಕಣೆ ಮಾತ್ರ ಉಳಿದಿತ್ತು.

ವಸಾಹತು ಕಾಲದ ಕಾನೂನುಗಳ ಮೇಲೆ ಸಂಶೋಧನೆ ಮಾಡುತ್ತಿರುವವಳಿಗೆ ಇಂಥ ಪೆಟ್ಟು ಬಿದ್ದರೆ ಅಳುವುದಕ್ಕಿಂತ ಮೊದಲು ಕಲಂಗಳು ನೆನಪಾಗುತ್ತವೆ. 10.20ರ ಒಂದು ಟಿಕ್ಕಿಗೆ ಕರಾರು ಆಗಿಹೋಯಿತೇ? ಅಥವಾ 7.10ರ ಎರಡನೆಯ ಟಿಕ್ಕಿನವರೆಗೂ ಅವರಿಗೆ ಹಿಂದೆ ಸರಿಯುವ ಹಕ್ಕಿತ್ತೇ? 10.45ರ ಕರೆ ಇವೆರಡರ ನಡುವೆ ಬಂದಿದೆ. ಇಡೀ ವ್ಯಾಜ್ಯ ಇರುವುದು ಅಷ್ಟರಲ್ಲೇ.

ಈ ವ್ಯಾಜ್ಯ ಹೊಸದಲ್ಲ. 1817ರ ಸೆಪ್ಟೆಂಬರ್ 2ರಂದು ಇಂಗ್ಲೆಂಡಿನ ಸೇಂಟ್ ಐವ್ಸ್ ಊರಿನ ಉಣ್ಣೆ ವ್ಯಾಪಾರಿಗಳು ಬ್ರಾಮ್ಸ್‌ಗ್ರೋವ್‌ನವರಿಗೆ ಪತ್ರ ಬರೆದರು: ಇಷ್ಟು ಉಣ್ಣೆ ಇದೆ, ಬೇಕಿದ್ದರೆ ಅಂಚೆಯಲ್ಲೇ ಉತ್ತರ ಕಳಿಸಿ. ವಿಳಾಸದಲ್ಲಿ ಜಿಲ್ಲೆಯ ಹೆಸರನ್ನು ತಪ್ಪು ಬರೆದಿದ್ದರಿಂದ ಪತ್ರ ಸುತ್ತಿ ಬಳಸಿ 5ನೇ ತಾರೀಖು ಸಂಜೆ ತಲುಪಿತು. ಅವರು ಅದೇ ಸಂಜೆ ಒಪ್ಪಿಗೆಯ ಪತ್ರವನ್ನು ಅಂಚೆಗೆ ಹಾಕಿದರು. ಅದು 9ಕ್ಕೆ ಸೇಂಟ್ ಐವ್ಸ್ ಸೇರಿತು. ಆದರೆ 7ಕ್ಕೆ ಉತ್ತರ ಬರಬೇಕಿತ್ತೆಂದು ಲೆಕ್ಕ ಹಾಕಿದ್ದ ಮಾರುವವರು 8ಕ್ಕೆ ಉಣ್ಣೆಯನ್ನು ಬೇರೆಯವರಿಗೆ ಮಾರಿಬಿಟ್ಟಿದ್ದರು. ಆಡಮ್ಸ್ ಮತ್ತು ಲಿಂಡ್ಸೆಲ್ ನಡುವಿನ ಈ ಮೊಕದ್ದಮೆಯಲ್ಲಿ 1818ರಲ್ಲಿ ಗೆದ್ದವರು ಕೊಳ್ಳುವವರು. ಒಪ್ಪಿಗೆ ತಲುಪಿದ ಮೇಲೇ ಕರಾರು ಎನ್ನುವುದಾದರೆ, ಆ ಒಪ್ಪಿಗೆ ತಲುಪಿದ್ದು ಇವರಿಗೆ ಗೊತ್ತಾಗಬೇಕು, ಅದು ಗೊತ್ತಾಗಿದ್ದು ಮತ್ತೆ ಅವರಿಗೆ ಗೊತ್ತಾಗಬೇಕು, ಅದಕ್ಕೆ ಕೊನೆಯೇ ಇರುವುದಿಲ್ಲ ಎಂದಿತು ನ್ಯಾಯಾಲಯ. ಅಂಚೆಗೆ ಹಾಕಿದ ಗಳಿಗೆಗೇ ಕರಾರು ಆಯಿತು ಎಂಬ ನಿಯಮಕ್ಕೆ ಬುನಾದಿ ಬಿದ್ದದ್ದು ಹೀಗೆ.

1872ರ ಭಾರತೀಯ ಕರಾರು ಕಾಯ್ದೆ ಈ ನಿಯಮವನ್ನು ತೆಗೆದುಕೊಂಡಿತು, ಆದರೆ ಅರ್ಧ ಮಾತ್ರ. ನನ್ನ ಮಟ್ಟಿಗೆ ಅದರ ನಾಲ್ಕನೆಯ ಕಲಂ ಆ ಕಾಯ್ದೆಯ ಅತ್ಯಂತ ಸೂಕ್ಷ್ಮವಾದ ಭಾಗ. ಒಪ್ಪಿಗೆಯ ಪತ್ರ ಒಪ್ಪಿದವನ ಹಿಡಿತ ತಪ್ಪುವ ಹಾಗೆ ಹೊರಟ ಕೂಡಲೇ ಪ್ರಸ್ತಾವ ಮಾಡಿದವನು ಬಂಧಿತನಾಗುತ್ತಾನೆ. ಒಪ್ಪಿದವನು ಮಾತ್ರ ಬಂಧಿತನಾಗುವುದು ಆ ಒಪ್ಪಿಗೆ ಇನ್ನೊಬ್ಬನ ಅರಿವಿಗೆ ಬಂದಾಗ. ಅಂದರೆ ಒಂದೇ ಪತ್ರ ಇಬ್ಬರನ್ನು ಎರಡು ಬೇರೆ ಗಳಿಗೆಗಳಲ್ಲಿ ಕಟ್ಟುತ್ತದೆ. ನಡುವಿನ ಅವಧಿಯಲ್ಲಿ ಮಾರುವವನಿಗೆ ದಾರಿ ಮುಚ್ಚಿದೆ, ಕೊಳ್ಳುವವನಿಗೆ ತೆರೆದಿದೆ. ಐದನೆಯ ಕಲಂ ಹೇಳುವುದೂ ಇದನ್ನೇ: ಪ್ರಸ್ತಾವವನ್ನು ಒಪ್ಪಿಗೆ ಅಂಚೆಗೆ ಬೀಳುವವರೆಗೆ ಹಿಂತೆಗೆದುಕೊಳ್ಳಬಹುದು, ಒಪ್ಪಿಗೆಯನ್ನು ಅದು ತಲುಪುವವರೆಗೆ ಹಿಂತೆಗೆದುಕೊಳ್ಳಬಹುದು.

ಕಾಯ್ದೆ ಕೊಡುವ ಉದಾಹರಣೆಯಲ್ಲಿ ಒಬ್ಬ ತನ್ನ ಮನೆ ಮಾರುವುದಾಗಿ ಪತ್ರ ಬರೆಯುತ್ತಾನೆ, ಇನ್ನೊಬ್ಬ ಪತ್ರದಲ್ಲೇ ಒಪ್ಪುತ್ತಾನೆ, ಆಮೇಲೆ ಮನಸ್ಸು ಬದಲಾಯಿಸಿ ಟೆಲಿಗ್ರಾಂ ಕಳಿಸುತ್ತಾನೆ. ನಿಧಾನದ ಪತ್ರವನ್ನು ವೇಗದ ತಂತಿ ಬೆನ್ನಟ್ಟಬಹುದೆಂದು 1872ರಲ್ಲೇ ಊಹಿಸಿದ್ದರು. ನನ್ನ ಪ್ರಸಂಗದಲ್ಲಿ ಪತ್ರದ ಜಾಗದಲ್ಲಿ ವಾಟ್ಸಾಪ್ ಇದೆ, ತಂತಿಯ ಜಾಗದಲ್ಲಿ ಮಗನ ಫೋನಿನ ಕರೆ ಇದೆ. ಈ ಲೆಕ್ಕದಲ್ಲಿ ಕರೆ ಇಪ್ಪತ್ತೈದು ನಿಮಿಷ ತಡ. 10.20ಕ್ಕೇ ವ್ಯಾಪಾರಿ ಸಿಕ್ಕಿಬಿದ್ದಿದ್ದರು.

ಆದರೆ ನಡುವೆ ಟೆಲಿಫೋನು ಬಂತು. 1959ರ ಜುಲೈ 22ರಂದು ಅಹಮದಾಬಾದಿನ ವ್ಯಾಪಾರಿಗಳು ಖಾಮ್‌ಗಾಂವ್‌ನವರಿಗೆ ಫೋನ್ ಮಾಡಿ ಹತ್ತಿಬೀಜದ ಹಿಂಡಿ ಕೊಳ್ಳುವುದಾಗಿ ಹೇಳಿದರು. ಆ ಕಡೆಯವರು ಫೋನಿನಲ್ಲೇ ಒಪ್ಪಿದರು, ಮಾಲು ಮಾತ್ರ ಬರಲಿಲ್ಲ. 31,150 ರೂಪಾಯಿಯ ದಾವೆ ಅಹಮದಾಬಾದಿನಲ್ಲಿ ಬಿತ್ತು. ಒಪ್ಪಿಗೆಯ ಮಾತು ಖಾಮ್‌ಗಾಂವ್‌ನಲ್ಲಿ ಬಾಯಿಂದ ಹೊರಟಿದೆ, ಕರಾರು ಆದದ್ದು ಅಲ್ಲೇ, ಆದ್ದರಿಂದ ದಾವೆಯೂ ಅಲ್ಲೇ ನಡೆಯಬೇಕು ಎಂದು ಪ್ರತಿವಾದಿಗಳು ಹಟ ಹಿಡಿದರು. ಭಗವಾನ್‌ದಾಸ್ ಕೇಡಿಯಾ ಪ್ರಕರಣವೆಂದು ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಈ ಮೊಕದ್ದಮೆ 1965ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ನ್ಯಾಯಮೂರ್ತಿ ಜೆ.ಸಿ. ಶಾ ಬರೆದ ಬಹುಮತದ ತೀರ್ಪಿನ ಪ್ರಕಾರ, ಫೋನಿನಲ್ಲಿ ಮಾತಾಡುವವರು ಒಂದರ್ಥದಲ್ಲಿ ಎದುರುಬದುರು ಇದ್ದ ಹಾಗೆ. ಅಂಚೆಯ ನಿಯಮ ಅಲ್ಲಿಗೆ ಹೊಂದುವುದಿಲ್ಲ, ಒಪ್ಪಿಗೆ ಕೇಳಿಸಿದಲ್ಲೇ ಕರಾರು. ಅಹಮದಾಬಾದೇ ಗೆದ್ದಿತು.

ಪೀಠದಲ್ಲಿದ್ದ ಮೂವರಲ್ಲಿ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಒಪ್ಪಲಿಲ್ಲ. ಅವರ ಭಿನ್ನಮತವನ್ನು ನಾನು ಹಲವು ಸಲ ಓದಿದ್ದೇನೆ, ಅದು ನನಗೆ ತೀರ್ಪಿಗಿಂತ ಇಷ್ಟ. ಕಾಯ್ದೆ ಬರೆದವರಿಗೆ ಟೆಲಿಫೋನಾಗಲಿ, ಟೆಲ್‌ಸ್ಟಾರ್ ಉಪಗ್ರಹವಾಗಲಿ ಗೊತ್ತಿರಲಿಲ್ಲ ನಿಜ. ಆದರೆ ಅವರು ಬಳಸಿದ ಮಾತುಗಳು ಅಂಚೆಗಷ್ಟೇ ಸೀಮಿತವಾಗಿಲ್ಲ, ಮಾತು ಒಪ್ಪಿದವನ ಹಿಡಿತ ತಪ್ಪಿತೇ ಎಂಬುದೊಂದೇ ಅಲ್ಲಿನ ಪ್ರಶ್ನೆ. ಕಾಲಕ್ಕೆ ಆ ಭಾಷೆ ಹೊಂದುವುದಿಲ್ಲವಾದರೆ ಕಾಯ್ದೆಯನ್ನು ತಿದ್ದಬಹುದು, ಅಲ್ಲಿಯವರೆಗೆ ಅದು ಹೇಳಿದ್ದೇ ಲೆಕ್ಕ. ಅವರ ವಾದದ ತಿರುಳು ಇಷ್ಟು.

ಮೂವತ್ತೈದು ವರ್ಷದ ನಂತರ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಬಂತು. ಅದರ ಹದಿಮೂರನೆಯ ಕಲಂ ಪ್ರಕಾರ ವಿದ್ಯುನ್ಮಾನ ಸಂದೇಶ ರವಾನೆಯಾಗುವುದು ಅದು ಕಳಿಸಿದವನ ನಿಯಂತ್ರಣದ ಹೊರಗಿರುವ ಕಂಪ್ಯೂಟರ್ ವ್ಯವಸ್ಥೆಯನ್ನು ಹೊಕ್ಕಾಗ. ಹಿದಾಯತುಲ್ಲಾ ಅವರ ಭಿನ್ನಮತವೇ ಕಾನೂನಾಗಿ ಮರಳಿತೇ ಎಂದು ನನಗೆ ಮೊದಲು ರೋಮಾಂಚನವಾಗಿತ್ತು. ಹಾಗಲ್ಲ. ಆ ಮಾತು ಬಂದದ್ದು ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗದ 1996ರ ಮಾದರಿ ಕಾನೂನಿನಿಂದ. ಜೊತೆಗೆ ಈ ಕಲಂ ರವಾನೆ ಯಾವಾಗ, ತಲುಪಿದ್ದು ಯಾವಾಗ ಎಂದು ಹೇಳುತ್ತದೆಯೇ ಹೊರತು, ಎರಡರಲ್ಲಿ ಯಾವುದಕ್ಕೆ ಕರಾರು ಹುಟ್ಟುತ್ತದೆಂದು ಹೇಳುವುದಿಲ್ಲ. 2008ರ ತಿದ್ದುಪಡಿಯಲ್ಲಿ ಸೇರಿದ 10ಎ ಕಲಂ ಕೂಡ ಪ್ರಸ್ತಾವ, ಅಂಗೀಕಾರ, ಹಿಂತೆಗೆತ ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು ಎಂದು ಹೇಳಿ ಸುಮ್ಮನಾಗುತ್ತದೆ.

ಇಮೇಲಿನ ವಿಷಯ ಅಲಹಾಬಾದ್ ಹೈಕೋರ್ಟಿನ ಮುಂದೆ 2005ರಲ್ಲಿ ಬಂತು. ಕಲ್ಲಿದ್ದಲಿನ ಇ-ಹರಾಜಿನಲ್ಲಿ ಪಿ.ಆರ್. ಟ್ರಾನ್ಸ್‌ಪೋರ್ಟ್ ಏಜೆನ್ಸಿಯ ಬಿಡ್ ಒಪ್ಪಿತವಾಗಿದೆಯೆಂದು ಇಮೇಲ್ ಬಂದಿತ್ತು, ಆಮೇಲೆ ಹರಾಜನ್ನು ರದ್ದು ಮಾಡಲಾಯಿತು. ಮೊಕದ್ದಮೆ ಉತ್ತರ ಪ್ರದೇಶದಲ್ಲಿ ನಡೆಯಬಹುದೇ ಎಂಬ ಪ್ರಶ್ನೆಗೆ ನ್ಯಾಯಾಲಯ ಕೇಡಿಯಾ ತೀರ್ಪಿನ ದಾರಿಯನ್ನೇ ಹಿಡಿಯಿತು: ಒಪ್ಪಿಗೆ ತಲುಪಿದಲ್ಲೇ ಕರಾರು. ಇಮೇಲನ್ನು ಯಾವ ಊರಿನಲ್ಲಿ ಕೂತೂ ತೆರೆಯಬಹುದಾದ್ದರಿಂದ, ತಲುಪಿದ ಜಾಗವೆಂದರೆ ಪಡೆದವರ ವ್ಯವಹಾರದ ಸ್ಥಳ, ಅಂದರೆ ವಾರಾಣಸಿ ಅಥವಾ ಚಂದೌಲಿ.

ಈ ದಾರಿಯಲ್ಲಿ ಹೋದರೆ ನಾನು ಸೋತೆ. ನನ್ನ ಒಪ್ಪಿಗೆ ತಲುಪಿದ್ದು 7.10ಕ್ಕೆ, ಅವರು ಹಿಂದೆ ಸರಿದದ್ದು ಹಿಂದಿನ ರಾತ್ರಿ. ಆದರೂ ನನಗೊಂದು ಅನುಮಾನ ಉಳಿದಿದೆ. ಶಾ ಅವರ ತರ್ಕ ನಿಂತಿರುವುದು ಇಬ್ಬರೂ ಏಕಕಾಲಕ್ಕೆ ಫೋನಿನಲ್ಲಿ ಇದ್ದಾರೆಂಬುದರ ಮೇಲೆ. ಮಾತು ಕೇಳಿಸದಿದ್ದರೆ “ಏನಂದ್ರಿ?” ಎಂದು ಕೇಳಬಹುದು. ಆಫ್ ಆದ ಫೋನಿಗೆ ಹೊರಟು ಎಂಟು ಗಂಟೆ ಐವತ್ತು ನಿಮಿಷ ಯಾವುದೋ ಸರ್ವರಿನಲ್ಲಿ ಕಾದ ಸಂದೇಶ ಫೋನಿನ ಮಾತಿನ ಹಾಗಿದೆಯೋ, ಅಂಚೆಚೀಲದಲ್ಲಿ ಕೂತ ಪತ್ರದ ಹಾಗಿದೆಯೋ? ಟೆಲೆಕ್ಸ್ ಕುರಿತ ಬ್ರಿಂಕಿಬಾನ್ ಪ್ರಕರಣದಲ್ಲಿ ಇಂಗ್ಲೆಂಡಿನ ಲಾರ್ಡ್ ವಿಲ್ಬರ್‌ಫೋರ್ಸ್, ಎಲ್ಲ ಸಂದರ್ಭಕ್ಕೂ ಒಂದೇ ನಿಯಮ ಸಾಲದು, ಇಬ್ಬರ ಉದ್ದೇಶ, ವ್ಯಾಪಾರದ ರೂಢಿ, ಅಪಾಯವನ್ನು ಯಾರು ಹೊರಬೇಕು ಎಂಬುದನ್ನು ನೋಡಬೇಕು ಎಂದಿದ್ದರು. ವಾಟ್ಸಾಪಿನಲ್ಲಿ ಪ್ರಸ್ತಾವ ಕಳಿಸಿ ಉತ್ತರ ಕೇಳಿದವರು ಅವರು. ಚಾರ್ಜ್ ಮುಗಿದ ಫೋನಿನ ಅಪಾಯವನ್ನೂ ಅವರೇ ಹೊರಬೇಕು ಎಂಬುದು ನನ್ನ ಪಕ್ಷ. ಪಕ್ಷಪಾತ ಎಂದರೂ ಸರಿ.

ನನ್ನ ವಾದದ ವಿರುದ್ಧ ಒಳ್ಳೆಯ ಆಕ್ಷೇಪವೊಂದನ್ನು ಸಾಲ ಕೊಟ್ಟ ಗೆಳತಿಯೇ ಎತ್ತಿದಳು. ಅವಳು ವಕೀಲೆ. “ಎಲ್ಲರಿಗೂ ಅಳಿಸು ಅನ್ನೋ ಬಟನ್ ನಿನ್ನ ಕೈಯಲ್ಲೇ ಇತ್ತಲ್ಲೇ, ಒಂದು ಟಿಕ್ಕಿಗೆ ಮಾತು ನಿನ್ನ ಹಿಡಿತ ತಪ್ಪಿತು ಅಂತ ಹೇಗೆ ಹೇಳ್ತೀಯ?” ಅಂಚೆಗೆ ಹಾಕಿದ ಪತ್ರವನ್ನು ಹೀಗೆ ವಾಪಸು ಎಳೆಯಲಾಗುವುದಿಲ್ಲ. ವಾಟ್ಸಾಪ್ ಈಗ ಎರಡು ದಿನಕ್ಕೂ ಹೆಚ್ಚು ಕಾಲ ಅಳಿಸಲು ಬಿಡುತ್ತದೆ. ಅದು ಹಿಡಿತವೆನ್ನುವುದಾದರೆ, ಸಂದೇಶವನ್ನು ಓದಿ ಮುಗಿಸಿದ ಮೇಲೂ ಅದು ಕಳಿಸಿದವರ ಹಿಡಿತದಲ್ಲೇ ಇದೆ ಎನ್ನಬೇಕಾಗುತ್ತದೆ. ಅದು ಅಸಂಬದ್ಧ. ಹದಿಮೂರನೆಯ ಕಲಂ ಕೇಳುವುದು ಹೊಕ್ಕ ಯಂತ್ರ ಯಾರದು ಎಂದು, ಸಂದೇಶವನ್ನು ಅಳಿಸಬಹುದೇ ಎಂದಲ್ಲ. ಸರ್ವರ್ ನನ್ನದಲ್ಲ. ಎರಡನೆಯ ಟಿಕ್ ಬರುವ ಮೊದಲು ಅಳಿಸಿದ್ದರೆ ಅದು ಐದನೆಯ ಕಲಂ ನನಗೆ ಹೇಗೂ ಕೊಟ್ಟಿರುವ ಹಿಂತೆಗೆತದ ಹಕ್ಕು, 1872ರ ಟೆಲಿಗ್ರಾಮಿನ ಮರಿಮಗಳು. ಗೆಳತಿ ಪೂರ್ತಿ ಒಪ್ಪಲಿಲ್ಲ.

ಬೆಳಿಗ್ಗೆ ಅವರು ಅಳಿಸಿದ್ದಕ್ಕೆ ಮಾತ್ರ ಯಾವ ಲೆಕ್ಕದಲ್ಲೂ ಬೆಲೆಯಿಲ್ಲ. ಪ್ರಸ್ತಾವ ನನ್ನ ಅರಿವಿಗೆ ಬಂದಾಗಿತ್ತು, ಉತ್ತರವೂ ಹೊರಟಾಗಿತ್ತು. ಅಳಿಸಿದ್ದರಿಂದ ಕರಾರು ಹೋಗದು, ಪುರಾವೆ ಹೋದೀತು. ನನ್ನ ಬಳಿ ಸ್ಕ್ರೀನ್‌ಶಾಟ್ ಇತ್ತು, ಆದರೆ ಅದನ್ನು ನ್ಯಾಯಾಲಯ ಒಪ್ಪಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಕೇಳುವ ಪ್ರಮಾಣಪತ್ರ ಬೇಕು.

14,000 ರೂಪಾಯಿಯ ಸೆಟ್ಟಿಗಾಗಿ ಯಾರೂ ಕೋರ್ಟಿಗೆ ಹೋಗುವುದಿಲ್ಲ, ನಾನೂ ಹೋಗಲಿಲ್ಲ. ಈಗ ಆ ಸಂಪುಟಗಳನ್ನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೇ ಓದುತ್ತಿದ್ದೇನೆ. ಅಲ್ಲಿ ಐದನೆಯದು ಇಲ್ಲ.