ಅಡಿಕೆ ತೋಟದಿಂದ ಚಾಕಲೇಟಿನವರೆಗೆ

1970ರ ದಶಕದಲ್ಲಿ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೊಕ್ಕೋ ಉಪಬೆಳೆಯಾಗಿ ಹಬ್ಬಿತು. ದಶಕದ ಕೊನೆಗೆ ಬೆಲೆ ಕುಸಿದು ಕೊಳ್ಳುವವರು ಹಿಂದೆ ಸರಿದಾಗ ಬೆಳೆಗಾರ ಕಂಗಾಲಾದ. ಹಸಿ ಬೀಜ ಹೆಚ್ಚು ದಿನ ಕಾಯುವ ಸರಕಲ್ಲ. ಆಗ, 1973ರಲ್ಲಿ ಅಡಿಕೆಗಾಗಿ ಹುಟ್ಟಿದ್ದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಕೊಕ್ಕೋ ಖರೀದಿಗೂ ಇಳಿಯಿತು.

ಕೊಂಡರಷ್ಟೇ ಸಾಲದು. ಹಸಿ ಬೀಜವನ್ನು ರಾಶಿ ಹಾಕಿ, ನಡುನಡುವೆ ಮಗುಚಿ, ಐದಾರು ದಿನ ಹುದುಗು ಬರಿಸಿ ಒಣಗಿಸಬೇಕು. ಕತ್ತರಿಸಿ ನೋಡಿದರೆ ಹದ ತಿಳಿಯುತ್ತದೆ: ಹುದುಗು ಬಂದದ್ದು ಒಳಗೆ ಕಂದು, ಬಾರದ್ದು ಬೂದು. ಬೂದುಬೀಜದಲ್ಲಿ ಚಾಕಲೇಟಿನ ಪರಿಮಳವಿಲ್ಲ.

ಒಣಬೀಜವನ್ನೇ ಮಾರಿದರೆ ಬೆಲೆ ಮತ್ತೆ ಪರರ ಕೈಯಲ್ಲಿ. ಅದಕ್ಕಾಗಿ 1986ರಲ್ಲಿ ಪುತ್ತೂರಿನಲ್ಲಿ ಸಂಸ್ಥೆಯ ಕಾರ್ಖಾನೆ ಎದ್ದಿತು. ಬೆಳೆಗಾರನ ಬೀಜ ಅವನದೇ ಸಂಸ್ಥೆಯ ಹೆಸರು ಹೊತ್ತು ಅಂಗಡಿಗೆ ಬಂತು.