ಸರಾಸರಿಯತ್ತ ಮರಳಿಕೆ

ವಿಪರೀತ ಮಟ್ಟ ತಲುಪಿದ ಅಳತೆಯೊಂದು ಮುಂದಿನ ಸಲ ತನ್ನ ಎಂದಿನ ಸರಾಸರಿಯ ಕಡೆಗೆ ಸರಿಯುವ ಪ್ರವೃತ್ತಿ. ಒಂದು ಕ್ರಮ ಕೈಗೊಳ್ಳುವ ಮುನ್ನ ಮತ್ತು ಕೈಗೊಂಡ ನಂತರದ ಅಂಕಿಗಳನ್ನಷ್ಟೇ ಹೋಲಿಸುವ ಅಧ್ಯಯನಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 1955ರಲ್ಲಿ ರಸ್ತೆ ಅಪಘಾತಗಳಿಗೆ 324 ಮಂದಿ ಬಲಿಯಾದರು. ಗವರ್ನರ್ ಅಬ್ರಹಾಂ ರಿಬಿಕಾಫ್ ಅತಿವೇಗದ ಚಾಲಕರ ಲೈಸೆನ್ಸ್ ಅಮಾನತು ಮಾಡಿಸತೊಡಗಿದರು. ಮೊದಲ ತಪ್ಪಿಗೇ 30 ದಿನ. 1956ರಲ್ಲಿ ಸಾವು 284ಕ್ಕೆ ಇಳಿಯಿತು. ನಲವತ್ತು ಜೀವ ಉಳಿಯಿತೆಂದು ಸರ್ಕಾರ ಬೀಗಿತು.

ಡೊನಾಲ್ಡ್ ಕ್ಯಾಂಪ್‌ಬೆಲ್ ಮತ್ತು ಲಾರೆನ್ಸ್ ರಾಸ್ 1968ರಲ್ಲಿ ಹಿಂದಿನ ವರ್ಷಗಳ ಅಂಕಿಗಳನ್ನೂ ಪಕ್ಕದಲ್ಲಿಟ್ಟು ನೋಡಿದರು. ಸಾವಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತಲೇ ಇತ್ತು, 1955 ಅದರ ಒಂದು ಶಿಖರ. ಆ ಶಿಖರವೇ ಸರ್ಕಾರವನ್ನು ಎಚ್ಚರಿಸಿದ್ದು. ಅಂದರೆ ಕಠಿಣ ಕ್ರಮಕ್ಕೆ ಆಯ್ಕೆಯಾದದ್ದೇ ಕೆಟ್ಟ ವರ್ಷ. ಅದರ ಮರುವರ್ಷ ಏನೂ ಮಾಡದಿದ್ದರೂ ಸಾವು ಒಂದಿಷ್ಟು ಇಳಿಯುವ ಸಂಭವವಿತ್ತು.

ಇದರಿಂದ ಕ್ರಮ ವ್ಯರ್ಥವೆಂದೇನೂ ಸಾಬೀತಾಗದು. ಇಳಿಕೆಯಲ್ಲಿ ಅದರ ಪಾಲೆಷ್ಟು ಎಂಬುದು ಎರಡು ವರ್ಷಗಳ ಅಂಕಿಗಳಿಂದ ತಿಳಿಯದು, ಅಷ್ಟೇ. ಅದಕ್ಕಾಗಿಯೇ ಅವರು ಈ ಕ್ರಮವಿಲ್ಲದ ನೆರೆರಾಜ್ಯಗಳೊಂದಿಗೂ ಹೋಲಿಸಿದರು. ಅಂಥ ಹೋಲಿಕೆಯಿಂದ ಹವಾಮಾನದಂಥ ಸಮಾನ ಕಾರಣಗಳನ್ನು ಬೇರ್ಪಡಿಸಬಹುದು. ಆದರೆ ನೆರೆರಾಜ್ಯಗಳಿಗೆ 1955 ಅಷ್ಟೇ ಕೆಟ್ಟ ವರ್ಷವಾಗಿರದಿದ್ದರೆ ಮರಳಿಕೆಯ ಪ್ರಭಾವ ಪೂರ್ತಿ ಕಳೆದುಹೋಗದು. ಕೆಟ್ಟ ಸ್ಥಿತಿಯಲ್ಲಿದ್ದವರನ್ನೇ ಚೀಟಿ ಎತ್ತಿ ಎರಡು ಗುಂಪು ಮಾಡಿದರೆ ಮಾತ್ರ ಎರಡೂ ಕಡೆ ಅದು ಸಮನಾಗಿರುತ್ತದೆ.